ಗೋದಾಮು ಸೂಪರ್‌ವೈಸರ್ ರೆಸ್ಯೂಮೆ: ಟನ್ ಬರೆಯಬೇಕಾ, ಗಾಡಿ ಬರೆಯಬೇಕಾ?

"ಡಿಸ್ಪ್ಯಾಚ್ ನೋಡಿಕೊಳ್ಳುವುದು, ಸ್ಟಾಕ್ ಮೇಂಟೇನ್ ಮಾಡುವುದು, ಲೇಬರ್ ಹ್ಯಾಂಡಲ್ ಮಾಡುವುದು." ಕಲಬುರಗಿ ಕಡೆಯಿಂದ ಬರುವ ಹತ್ತು ಗೋದಾಮು ರೆಸ್ಯೂಮೆ ತೆಗೆದು ನೋಡಿದರೆ ಎಂಟರಲ್ಲಿ ಈ ಮೂರು ಸಾಲು ಇದ್ದೇ ಇರುತ್ತವೆ. ಓದುವವನಿಗೆ ಇದರಿಂದ ಏನೂ ತಿಳಿಯುವುದಿಲ್ಲ. ದಿನಕ್ಕೆ ಎರಡು ಗಾಡಿ ಕಳಿಸುವವನೂ ಇದನ್ನೇ ಬರೆಯುತ್ತಾನೆ, ಇನ್ನೂರು ಗಾಡಿ ಕಳಿಸುವವನೂ ಇದನ್ನೇ ಬರೆಯುತ್ತಾನೆ.

ಅಂಕಿ ಹಾಕಬೇಕು ಅನ್ನೋದು ಈಗ ಎಲ್ಲರಿಗೂ ಗೊತ್ತು. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಒಂದೇ ಕೆಲಸವನ್ನು ನಾಲ್ಕು ರೀತಿ ಎಣಿಸಬಹುದು. ನಾಲ್ಕೂ ನಿಜವೇ. ಆದರೆ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯವರಿಗೆ ಬೇಕಾದ ಲೆಕ್ಕ ಒಂದು, ಕಡೇಚೂರಿನ ಔಷಧಿ ಘಟಕದವರಿಗೆ ಬೇಕಾದ ಲೆಕ್ಕ ಇನ್ನೊಂದು. ಯಾವ ಕಡೆ ಅರ್ಜಿ ಹಾಕುವಾಗ ಯಾವ ಲೆಕ್ಕ ಮುಂದಿಡಬೇಕು ಅನ್ನೋದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಂದು ಡಿಪೋ ಅಂತ ಇಟ್ಟುಕೊಳ್ಳಿ. ಎಣ್ಣೆ, ಸಾಬೂನು, ಬಿಸ್ಕತ್ತು, ಚಹಾಪುಡಿ, ಒಟ್ಟು 410 ಐಟಂ. ಇಲ್ಲಿಂದ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಡಿಸ್ಟ್ರಿಬ್ಯೂಟರ್‌ಗಳಿಗೆ ಮಾಲು ಹೋಗುತ್ತದೆ. ದಿನಕ್ಕೆ 18 ಗಾಡಿ. ಒಂದು ಗಾಡಿಗೆ ಸರಾಸರಿ 4 ಟನ್. ಒಂದು ಗಾಡಿಯಲ್ಲಿ ಮೂವರು ಡಿಸ್ಟ್ರಿಬ್ಯೂಟರ್‌ಗಳ ಮಾಲು, ಒಬ್ಬೊಬ್ಬರ ಬಿಲ್ಲಿನಲ್ಲಿ ಸುಮಾರು 20 ಸಾಲು. ಇಲ್ಲಿನ ಸೂಪರ್‌ವೈಸರ್ ಬೇರೆ ಕೆಲಸ ಹುಡುಕುತ್ತಿದ್ದಾನೆ. ಅವನ ಕಣ್ಣು ಮೂರು ಕಡೆ ಇದೆ. ಒಂದು, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಡಿಸ್ಪ್ಯಾಚ್ ಯಾರ್ಡ್. ಎರಡು, ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಒಂದು ಔಷಧಿ ಘಟಕ. ಮೂರು, ಹೈದರಾಬಾದ್ ಹೊರವಲಯದಲ್ಲಿ ಆನ್‌ಲೈನ್ ಆರ್ಡರ್ ಕಳಿಸುವ ದೊಡ್ಡ ಗೋದಾಮು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೆಸ್ಯೂಮೆಯನ್ನು ಈ ಮೂರೂ ಕಡೆ ಇಂಗ್ಲಿಷಿನಲ್ಲೇ ಕೊಡಬೇಕು. ಇಲ್ಲಿ ಮಾದರಿ ಸಾಲುಗಳನ್ನು ಕನ್ನಡದಲ್ಲಿ ಕೊಟ್ಟಿರುವುದು ಲೆಕ್ಕ ಅರ್ಥವಾಗಲಿ ಅಂತ ಮಾತ್ರ.

ಡಿಸ್ಪ್ಯಾಚ್: ಟನ್, ಗಾಡಿ, ಇಲ್ಲಾ ಬಿಲ್ಲಿನ ಸಾಲು?

ನಮ್ಮವನ ಲೆಕ್ಕ ಮಾಡೋಣ. 18 ಗಾಡಿ, 4 ಟನ್, ಅಂದರೆ ದಿನಕ್ಕೆ 72 ಟನ್. ತಿಂಗಳಿಗೆ 26 ದಿನ ಕೆಲಸ ಹಿಡಿದರೆ ಸುಮಾರು 1,870 ಟನ್. ಗಾಡಿ ಲೆಕ್ಕದಲ್ಲಿ ತಿಂಗಳಿಗೆ 468. ಬಿಲ್ಲಿನ ಸಾಲಿನ ಲೆಕ್ಕದಲ್ಲಿ ದಿನಕ್ಕೆ 54 ಬಿಲ್, 1,080 ಸಾಲು.

1,870 ಟನ್ ಅಂದರೆ ಕೇಳಲು ದೊಡ್ಡದಾಗಿದೆ, ಅಲ್ವಾ? ಆದರೆ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ ಸಿಮೆಂಟ್ ಕಾರ್ಖಾನೆ ಪೂರ್ತಿ ಓಡಿದರೆ ದಿನಕ್ಕೆ 8,000 ಟನ್ ಮೇಲೆ ಹೊರಗೆ ಹೋಗುತ್ತದೆ. ನಮ್ಮವನ ಇಡೀ ತಿಂಗಳ ದುಡಿಮೆ ಅವರಿಗೆ ಕಾಲು ದಿನದ್ದೂ ಅಲ್ಲ. ಟನ್ ಮೇಲೆ ಹಾಕಿಕೊಂಡು ಅಲ್ಲಿಗೆ ಹೋದರೆ ಅವನೇ ಅವನನ್ನು ಸಣ್ಣವನನ್ನಾಗಿ ಮಾಡಿಕೊಂಡಂತೆ. ಅಲ್ಲಿ ಗಾಡಿಯ ಲೆಕ್ಕವೇ ವಾಸಿ. ಸಿಮೆಂಟ್ ಯಾರ್ಡಿನವರ ದಿನನಿತ್ಯದ ತಲೆನೋವು ಗೇಟಿನಲ್ಲಿ ನಿಂತ ಲಾರಿಗಳ ಸಾಲು. ದಿನಕ್ಕೆ 18 ಗಾಡಿಯನ್ನು ಮೂರೇ ಲೋಡಿಂಗ್ ಬೇಯಲ್ಲಿ ಬೆಳಗಿನ ನಾಲ್ಕು ತಾಸಿನೊಳಗೆ ಕಳಿಸುತ್ತೇನೆ ಅಂದರೆ ಅವರಿಗೆ ಅದು ತಿಳಿಯುವ ಭಾಷೆ.

ಆನ್‌ಲೈನ್ ಆರ್ಡರ್ ಗೋದಾಮಿನವರಿಗೆ ಟನ್ನೂ ಬೇಡ, ಗಾಡಿಯೂ ಅಷ್ಟಾಗಿ ಬೇಡ. ಅವರ ಕೆಲಸ ನಡೆಯುವುದು ಎಷ್ಟು ಸಲ ಕೈ ಹಾಕಿ ಐಟಂ ತೆಗೆದೆ ಅನ್ನೋದರ ಮೇಲೆ. ಹೀಗಾಗಿ ಅಲ್ಲಿ "ದಿನಕ್ಕೆ 1,080 ಬಿಲ್ ಸಾಲು, 410 ಐಟಂ" ಅನ್ನೋದು ಮೊದಲು ಬರಬೇಕು. ಔಷಧಿ ಘಟಕಕ್ಕೆ ಡಿಸ್ಪ್ಯಾಚ್ ಪ್ರಮಾಣ ಎರಡನೇ ಮಾತು. ಅವರು ಮೊದಲು ನೋಡುವುದು ಬ್ಯಾಚ್ ತಪ್ಪದೆ, ಎಕ್ಸ್‌ಪೈರಿ ಹತ್ತಿರ ಇರುವ ಮಾಲು ಮೊದಲು ಹೋಯಿತಾ ಅನ್ನೋದನ್ನು.

ತೊಗರಿ ಗೋದಾಮಿನಲ್ಲಿ, ದಾಲ್ ಮಿಲ್‌ನಲ್ಲಿ ಇರುವವರಿಗೆ ಟನ್ ಬಿಟ್ಟು ಗತಿಯಿಲ್ಲ. ಅಲ್ಲಿ ಐಟಂ ನಾಲ್ಕೈದೇ ಇರುತ್ತವೆ, ಚೀಲಗಳೇ ಎಲ್ಲಾ. ಅಂಥವರು ಟನ್ನಿನ ಜೊತೆಗೆ ಚೀಲದ ತೂಕವನ್ನೂ ಹೇಳಬೇಕು. ಒಂದೇ 60 ಟನ್, 50 ಕಿಲೋ ಚೀಲದಲ್ಲಾದರೆ 1,200 ಚೀಲ, 30 ಕಿಲೋದಲ್ಲಾದರೆ 2,000 ಚೀಲ. ಲೋಡಿಂಗ್ ಮಾಡಿಸಿದವರಿಗೆ ಆ 800 ಚೀಲದ ಅಂತರ ಏನು ಅಂತ ಗೊತ್ತು.

ಇನ್ನು ಸರಾಸರಿಯೋ, ಗರಿಷ್ಠವೋ? ಎರಡೂ ಹಾಕಿ. ಬರೀ ಗರಿಷ್ಠ ಹಾಕುವವರು ಜಾಸ್ತಿ. ದೀಪಾವಳಿ ಹಿಂದಿನ ವಾರ ಒಂದು ದಿನ 31 ಗಾಡಿ ಹೋದರೆ "ದಿನಕ್ಕೆ 30ಕ್ಕೂ ಹೆಚ್ಚು ಗಾಡಿ" ಅಂತ ಬರೆದುಬಿಡುತ್ತಾರೆ. ಸಂದರ್ಶನದಲ್ಲಿ "ಹಾಗಾದರೆ ತಿಂಗಳಿಗೆ 780 ಗಾಡಿ, ಲೇಬರ್ ಎಷ್ಟು ಜನ?" ಅಂತ ಕೇಳಿದ ಕೂಡಲೇ ಸಿಕ್ಕಿಬೀಳುತ್ತಾರೆ. "ಸರಾಸರಿ 18, ಹಬ್ಬದ ವಾರದಲ್ಲಿ ಗರಿಷ್ಠ 31" ಅಂತ ಬರೆದರೆ ಎರಡೂ ಕೆಲಸ ಮಾಡುತ್ತವೆ.

ಸ್ಟಾಕ್ ನಿಖರತೆ: ಮೂರು ಉತ್ತರ, ಮೂರೂ ಸರಿ

ರೆಸ್ಯೂಮೆಯಲ್ಲಿ ಅತಿ ಹೆಚ್ಚು ಸುಳ್ಳು ಸೇರುವ ಜಾಗ ಇದು. ಎಷ್ಟೋ ಸಲ ಬರೆದವನಿಗೇ ಅದು ಸುಳ್ಳು ಅಂತ ಗೊತ್ತಿರುವುದಿಲ್ಲ. "99.5% ಇನ್ವೆಂಟರಿ ಅಕ್ಯುರಸಿ" ಅಂತ ಬರೆದಿರುತ್ತಾನೆ. ಹೇಗೆ ಬಂತು ಅಂತ ಕೇಳಿದರೆ "ಅಕೌಂಟ್ಸ್‌ನವರು ಹೇಳಿದರು" ಅನ್ನುತ್ತಾನೆ.

ನಮ್ಮ ಡಿಪೋದಲ್ಲಿ ಒಂದು ಭಾನುವಾರ ಪೂರ್ತಿ ಎಣಿಕೆ ಆಯಿತು ಅಂತ ಇಟ್ಟುಕೊಳ್ಳಿ. ಪುಸ್ತಕದ ಪ್ರಕಾರ ಸ್ಟಾಕ್ 1 ಕೋಟಿ 80 ಲಕ್ಷ ರೂಪಾಯಿ. ಎಣಿಸಿದಾಗ ಕೆಲವು ಐಟಂ ಕಡಿಮೆ ಬಂದವು, ಒಟ್ಟು 2,40,000 ರೂಪಾಯಿಯಷ್ಟು. ಕೆಲವು ಜಾಸ್ತಿ ಬಂದವು, 1,50,000 ರೂಪಾಯಿಯಷ್ಟು. ಕಡಿಮೆಯಲ್ಲಿ ಜಾಸ್ತಿಯನ್ನು ಕಳೆದರೆ ನಿಜವಾದ ಕೊರತೆ 90,000. ಇದು 1.8 ಕೋಟಿಗೆ 0.5%. ಹಾಗಾಗಿ ನಿಖರತೆ 99.5%. ಅಕೌಂಟ್ಸ್‌ನವರ ಲೆಕ್ಕ ಇದು. ದುಡ್ಡಿನ ದೃಷ್ಟಿಯಿಂದ ಸರಿಯಾಗೇ ಇದೆ.

ಈಗ ಜಾಸ್ತಿಯನ್ನೂ ಕಡಿಮೆಯನ್ನೂ ಒಂದಕ್ಕೊಂದು ವಜಾ ಮಾಡದೆ ಕೂಡಿಸಿ. ಎರಡೂ ತಪ್ಪೇ ತಾನೇ? 3,90,000 ಆಗುತ್ತದೆ. ಅಂದರೆ ಸುಮಾರು 2.2%. ನಿಖರತೆ 97.8%ಕ್ಕೆ ಇಳಿಯಿತು.

ಮೂರನೇ ಲೆಕ್ಕ: 410 ಐಟಂಗಳಲ್ಲಿ ಪುಸ್ತಕಕ್ಕೂ ನೆಲಕ್ಕೂ ಸರಿಯಾಗಿ ತಾಳೆಯಾದವು 389. ಉಳಿದ 21ರಲ್ಲಿ ಒಂದಲ್ಲ ಒಂದು ವ್ಯತ್ಯಾಸ. ಈ ಪ್ರಕಾರ ನಿಖರತೆ 94.9%.

ಒಂದೇ ಗೋದಾಮು, ಒಂದೇ ಭಾನುವಾರ, ಒಂದೇ ಎಣಿಕೆ. ಆದರೂ 99.5, 97.8, 94.9 ಅಂತ ಮೂರು ಉತ್ತರ ಬಂದವು.

ಅಂತರ ಎಲ್ಲಿಂದ ಬಂತು ಅಂತ ನೋಡಲು ಆ 21ರಲ್ಲಿ ಒಂದು ಜೋಡಿಯನ್ನು ತೆಗೆದುಕೊಳ್ಳೋಣ. ಒಂದೇ ಬ್ರಾಂಡಿನ ಸಾಬೂನು, 75 ಗ್ರಾಂ ಮತ್ತು 100 ಗ್ರಾಂ. ಎರಡರ ಪೆಟ್ಟಿಗೆಯೂ ಒಂದೇ ಬಣ್ಣ, ಅಕ್ಕಪಕ್ಕದಲ್ಲೇ ಜೋಡಿಸಿದ್ದಾರೆ. ಬೆಳಗಿನ ಗಡಿಬಿಡಿಯಲ್ಲಿ 75ರ ಬದಲು 100ರ ಪೆಟ್ಟಿಗೆ ಹೋಗಿದೆ. ಹಾಗಾಗಿ ಎಣಿಕೆಯಲ್ಲಿ 100 ಗ್ರಾಂನದು 12 ಪೆಟ್ಟಿಗೆ ಕಡಿಮೆ, 75 ಗ್ರಾಂನದು 12 ಪೆಟ್ಟಿಗೆ ಜಾಸ್ತಿ. ಪೆಟ್ಟಿಗೆಯ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಸೊನ್ನೆ. ರೂಪಾಯಿ ಲೆಕ್ಕದಲ್ಲಿ ಅಲ್ಪಸ್ವಲ್ಪ. ಐಟಂ ಲೆಕ್ಕದಲ್ಲಿ ಎರಡು ತಪ್ಪು. ಡಿಸ್ಟ್ರಿಬ್ಯೂಟರ್ ಕಡೆಯಿಂದ ನೋಡಿದರೆ, ಬಿಲ್ಲಿಗಿಂತ ಬೇರೆ ಮಾಲು ಹನ್ನೆರಡು ಪೆಟ್ಟಿಗೆ ಬಂದಿದೆ.

ಹಾಗಾದರೆ ಯಾವುದನ್ನು ಬರೆಯಬೇಕು? ಔಷಧಿ ಘಟಕಕ್ಕೆ ಮತ್ತು ಆನ್‌ಲೈನ್ ಗೋದಾಮಿಗೆ ಐಟಂ ಲೆಕ್ಕದ್ದನ್ನೇ ಬರೆಯಿರಿ, ಅಂಕಿ ಚಿಕ್ಕದಾಗಿ ಕಂಡರೂ ಸರಿ. ಅವರು ಅಳೆಯುವುದೇ ಹಾಗೆ. ಔಷಧಿಯಲ್ಲಂತೂ ಇನ್ನೂ ಒಂದು ಹೆಜ್ಜೆ ಕೆಳಗೆ ಹೋಗಿ ಬ್ಯಾಚ್ ಲೆಕ್ಕದಲ್ಲಿ ನೋಡುತ್ತಾರೆ. ಒಟ್ಟು ಸಂಖ್ಯೆ ಸರಿ ಇದ್ದರೂ ಬ್ಯಾಚ್ ಅದಲುಬದಲಾದರೆ ಅವರಿಗೆ ಅದು ತಪ್ಪೇ. ಅಲ್ಲಿ 99.5 ಬರೆದು, "ಇದು ರೂಪಾಯಿ ಲೆಕ್ಕವಾ, ಬ್ಯಾಚ್ ಲೆಕ್ಕವಾ?" ಅಂತ ಕೇಳಿಸಿಕೊಂಡು ತಡವರಿಸುವುದಕ್ಕಿಂತ, 94.9 ಬರೆದು ಅದನ್ನು ಹೇಗೆ ಮೇಲೆ ತಂದೆ ಅಂತ ಹೇಳುವುದು ಎಷ್ಟೋ ಮೇಲು. ಮಾಲೀಕರೇ ಕೂತು ಸಂದರ್ಶನ ಮಾಡುವ ಊರಿನ ಡಿಪೋ, ಸಗಟು ವ್ಯಾಪಾರಿಗಳ ಗೋದಾಮು ಇಂಥ ಕಡೆ ರೂಪಾಯಿ ಲೆಕ್ಕ ನಡೆಯುತ್ತದೆ. ಅವರ ಚಿಂತೆ ವರ್ಷದ ಕೊನೆಗೆ ಎಷ್ಟು ದುಡ್ಡಿನ ಮಾಲು ಕಾಣೆಯಾಯಿತು ಅನ್ನೋದು. ಯಾವ ಲೆಕ್ಕ ಬರೆದರೂ "ಐಟಂವಾರು" ಅಂತಲೋ "ಮೌಲ್ಯದ ಮೇಲೆ" ಅಂತಲೋ ಒಂದು ಪದ ಪಕ್ಕದಲ್ಲಿ ಇರಲಿ.

ನಮ್ಮವನು ಆಮೇಲೆ ಮಾಡಿದ ಕೆಲಸ ಎರಡೇ. ಒಂದು, ನೋಡಲು ಒಂದೇ ರೀತಿ ಇರುವ ಪೆಟ್ಟಿಗೆಗಳನ್ನು ಬೇರೆ ಬೇರೆ ಸಾಲಿಗೆ ಹಾಕಿಸಿದ. ಎರಡು, ದಿನಾ ಮಧ್ಯಾಹ್ನ ಗಾಡಿಗಳೆಲ್ಲ ಹೋದ ಮೇಲೆ 16 ಐಟಂ ಎಣಿಸುವ ಪದ್ಧತಿ ಇಟ್ಟ. 26 ದಿನಕ್ಕೆ 416. ಅಂದರೆ ತಿಂಗಳಿಗೊಮ್ಮೆ ಪ್ರತಿ ಐಟಂ ಮೇಲೂ ಕಣ್ಣು ಬಿತ್ತು. ಮುಂದಿನ ಪೂರ್ತಿ ಎಣಿಕೆಯಲ್ಲಿ 410ಕ್ಕೆ 403 ತಾಳೆಯಾದವು, 98.3%. ರೆಸ್ಯೂಮೆಯಲ್ಲಿ ಸಾಲು ಹೀಗೆ ಬರುತ್ತದೆ:

"ಐಟಂವಾರು ಸ್ಟಾಕ್ ನಿಖರತೆ 94.9%ರಿಂದ 98.3%ಕ್ಕೆ (410 ಐಟಂ). ದಿನಕ್ಕೆ 16 ಐಟಂ ಎಣಿಕೆ, ಹೋಲುವ ಪೆಟ್ಟಿಗೆಗಳಿಗೆ ಬೇರೆ ಜಾಗ."

ಇಲ್ಲಿ ಒಂದು ಬಲೆ ಇದೆ. ಎಣಿಕೆ ಆದ ಮೇಲೆ ವ್ಯತ್ಯಾಸವನ್ನು ಸಿಸ್ಟಂನಲ್ಲಿ ಹಾಕಿ ಪುಸ್ತಕವನ್ನು ನೆಲಕ್ಕೆ ಹೊಂದಿಸುತ್ತಾರೆ. ಹೊಂದಿಸಿದ ಮೇಲೆ ನೋಡಿದರೆ ಎಲ್ಲರ ಸ್ಟಾಕೂ 100%. ಅದನ್ನೇ ರೆಸ್ಯೂಮೆಯಲ್ಲಿ ಬರೆಯುವವರಿದ್ದಾರೆ. ಸ್ಯಾಪ್ ಬಳಸುವ ಕಡೆ ವ್ಯತ್ಯಾಸದ ಪಟ್ಟಿ MI20ರಲ್ಲಿ ಕಾಣುತ್ತದೆ, ಅದನ್ನು ಪೋಸ್ಟ್ ಮಾಡುವುದು MI07ರಲ್ಲಿ. ನಿಮ್ಮ ಅಂಕಿ MI07ಕ್ಕಿಂತ ಮೊದಲಿನದಾಗಿರಬೇಕು. ಟ್ಯಾಲಿ ಇರುವ ಕಡೆ, ಎಣಿಕೆ ಹಾಳೆಯ ಮೇಲೆ ಕೈಯಲ್ಲಿ ಬರೆದ ಮೊದಲ ಸಂಖ್ಯೆಯೇ ಆಧಾರ. "100% ಅಕ್ಯುರಸಿ" ಕಂಡರೆ ಗೋದಾಮು ಬಲ್ಲವರು ನಗುತ್ತಾರೆ.

ಕಾಳಿನ ಗೋದಾಮಿನವರಿಗೆ ಇನ್ನೊಂದು ಸಂಗತಿ. ತೊಗರಿ ಹಸಿ ಇದ್ದಾಗ ಒಳಗೆ ಬಂದು ಒಣಗಿದ ಮೇಲೆ ಹೊರಗೆ ಹೋದರೆ ತೂಕ ಕಡಿಮೆಯಾಗೇ ಆಗುತ್ತದೆ. ಅದು ಕಳವೂ ಅಲ್ಲ, ಎಣಿಕೆ ತಪ್ಪೂ ಅಲ್ಲ. ಹೀಗಾಗಿ ಚೀಲದ ಎಣಿಕೆಯನ್ನು ಒಂದು ಸಾಲಿನಲ್ಲಿ, ತೂಕದ ಇಳಿಕೆಯನ್ನು ಬೇರೆ ಸಾಲಿನಲ್ಲಿ ಕೊಡಿ. ಒಳಗೆ ಬರುವಾಗ ತೇವಾಂಶ ಎಷ್ಟಿತ್ತು ಅಂತ ಬರೆದಿಟ್ಟಿದ್ದೆ ಅನ್ನೋದೇ ನಿಮ್ಮ ಪರವಾಗಿ ಮಾತಾಡುತ್ತದೆ. ಎರಡನ್ನೂ ಕಲಸಿ ಒಂದೇ ಶೇಕಡಾ ಮಾಡಿದರೆ ನಿಮ್ಮ ಒಳ್ಳೆಯ ಕೆಲಸ ಒಣಗಿದ ಕಾಳಿನ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ.

ಜನ: ರೋಲ್ ಮೇಲಿನವರು ಬೇರೆ, ಹಮಾಲರು ಬೇರೆ

ಇದನ್ನು ಬೇಗ ಮುಗಿಸೋಣ. ನಮ್ಮ ಡಿಪೋದಲ್ಲಿ ರೋಲ್ ಮೇಲೆ ಇರುವವರು ಐದು ಜನ. ಇಬ್ಬರು ಬಿಲ್ಲಿಂಗ್, ಇಬ್ಬರು ಚೆಕ್ಕರ್, ಒಬ್ಬ ಸ್ಟ್ಯಾಕರ್ ಓಡಿಸುವವ. ಹಮಾಲರು 14, ಮುಕಾದಮನ ಕೈಕೆಳಗೆ, ಎರಡು ತಂಡ. ಹಬ್ಬದಲ್ಲಿ 22ರವರೆಗೆ. ಇದನ್ನು "27 ಜನರ ತಂಡ ನಿರ್ವಹಣೆ" ಅಂತಲೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು.

ಬಿಡಿಸಿ ಬರೆಯುವುದೇ ಒಳ್ಳೆಯದು. ಚೀಲದ ಲೆಕ್ಕದಲ್ಲಿ ದುಡಿಯುವ ಹಮಾಲರಿಗೆ ರಜೆ ಕೊಡುವವನು, ಕೂಲಿ ಕೊಡುವವನು ಮುಕಾದಮ. ಸೂಪರ್‌ವೈಸರ್ ಕೆಲಸ ಹಂಚುತ್ತಾನೆ, ತಪ್ಪು ಲೋಡಿಂಗ್ ಆದರೆ ನಿಲ್ಲಿಸುತ್ತಾನೆ. ರೋಲ್ ಮೇಲಿನವರ ವಿಷಯದಲ್ಲಿ ಹಾಜರಿ, ಶಿಫ್ಟ್, ರಜೆ ಎಲ್ಲವೂ ಅವನ ಮೇಲೆ. ಇವು ಎರಡು ಬೇರೆ ಬೇರೆ ಕೆಲಸ. ದೊಡ್ಡ ಕಂಪನಿಯವರು "ಅಪ್ರೈಸಲ್ ಎಷ್ಟು ಜನರದ್ದು ಬರೆದಿದ್ದೀರಿ?" ಅಂತ ಕೇಳುತ್ತಾರೆ. 27 ಅಂತ ಬರೆದು ಐದು ಅಂತ ಉತ್ತರಿಸಿದರೆ ಮುಖ ಸಣ್ಣದಾಗುತ್ತದೆ. ಸಿಮೆಂಟ್ ಯಾರ್ಡಿಗೆ ಹೋಗುವಾಗ ಗುತ್ತಿಗೆ ಕಾರ್ಮಿಕರ ಅಂಕಿ ಮೊದಲು ಬರಲಿ, ಅಲ್ಲಿ ಜಾಸ್ತಿ ವ್ಯವಹಾರ ಗುತ್ತಿಗೆದಾರರ ಜೊತೆಗೇ. ಔಷಧಿ ಘಟಕಕ್ಕೆ ರೋಲ್ ಮೇಲಿನವರು ಮೊದಲು, ತರಬೇತಿ ಕೊಟ್ಟಿದ್ದರೆ ಅದೂ ಇರಲಿ.

ವಿಳಂಬ: ನಿಮ್ಮದು ಯಾವುದು, ರಸ್ತೆಯದು ಯಾವುದು

"ಡೆಲಿವರಿ ವಿಳಂಬ 70% ಕಡಿಮೆ ಮಾಡಿದೆ" ಅನ್ನೋ ಸಾಲು ಚೆನ್ನಾಗಿ ಕಾಣುತ್ತದೆ. ಅದೇ ಅದರ ಕಷ್ಟ. ಓದುವವನಿಗೆ ಮೂರು ಪ್ರಶ್ನೆ ಹುಟ್ಟುತ್ತವೆ. ಯಾವ ವಿಳಂಬ? ಎಷ್ಟರಿಂದ ಎಷ್ಟಕ್ಕೆ? ಯಾವ ತಿಂಗಳಿಗೆ ಹೋಲಿಸಿ?

ಮೊದಲ ಪ್ರಶ್ನೆಯಿಂದ ಶುರು ಮಾಡೋಣ. ಗಾಡಿ ಡಿಪೋದಿಂದ ಹೊರಡುವುದು ತಡವಾಗಬಹುದು, ಅಂಗಡಿಗೆ ಮುಟ್ಟುವುದು ತಡವಾಗಬಹುದು. ಹೊರಡುವುದು ಸೂಪರ್‌ವೈಸರ್ ಕೈಯಲ್ಲಿದೆ. ಮುಟ್ಟುವುದು ಡ್ರೈವರ್, ರಸ್ತೆ, ಅಲ್ಲಿ ಇಳಿಸಿಕೊಳ್ಳುವವರ ಕೈಯಲ್ಲಿದೆ. ಔರಾದದ ಡಿಸ್ಟ್ರಿಬ್ಯೂಟರ್ ಊಟಕ್ಕೆ ಹೋಗಿ ಶಟರ್ ಎಳೆದುಕೊಂಡಿದ್ದರೆ ಅದಕ್ಕೆ ಕಪನೂರಿನಲ್ಲಿರುವವನು ಏನು ಮಾಡಬೇಕು? ಗಾಡಿಯೂ ನಿಮ್ಮ ಕೈಕೆಳಗೆ ಇದ್ದರೆ ಮಾತ್ರ ಡೆಲಿವರಿಯ ಅಂಕಿ ಬರೆಯಿರಿ. ಇಲ್ಲದಿದ್ದರೆ ಹೊರಟ ಸಮಯವನ್ನೇ ಬರೆಯಿರಿ. ಅದಕ್ಕೆ ಗೇಟ್ ರಿಜಿಸ್ಟರ್ ಸಾಕ್ಷಿಯೂ ಇರುತ್ತದೆ.

ನಮ್ಮ ಡಿಪೋದ ನಿಯಮ, ಬೆಳಿಗ್ಗೆ 9ರೊಳಗೆ ಎಲ್ಲಾ ಗಾಡಿ ಹೊರಡಬೇಕು. ಲೋಡಿಂಗ್ 5ಕ್ಕೆ ಶುರು. ಬೇ ಮೂರು. ಒಂದು ಗಾಡಿಗೆ 45 ನಿಮಿಷ. 18 ಗಾಡಿ ಮೂರು ಬೇಯಲ್ಲಿ ಅಂದರೆ ಆರು ಸುತ್ತು. ಆರು ಸುತ್ತಿಗೆ 45 ನಿಮಿಷದಂತೆ ನಾಲ್ಕೂವರೆ ತಾಸು. ಅಂದರೆ ಏನೂ ತೊಂದರೆ ಆಗದ ದಿನವೂ ಕೊನೆಯ ಮೂರು ಗಾಡಿ 9:30ಕ್ಕೇ ಹೊರಡುವುದು. ನಡುವೆ ಒಂದು ಬಿಲ್ ತಪ್ಪಾದರೆ, ಗಾಡಿ ಬದಲಾಗಿ ಇ-ವೇ ಬಿಲ್‌ನ ಪಾರ್ಟ್ ಬಿಯಲ್ಲಿ ನಂಬರ್ ತಿದ್ದಬೇಕಾಗಿ ಬಂದರೆ, ಹಿಂದಿನವೆಲ್ಲ ಸಾಲಾಗಿ ತಡ. ವಾಸ್ತವದಲ್ಲಿ ದಿನಕ್ಕೆ ಸರಾಸರಿ 7 ಗಾಡಿ ತಡವಾಗುತ್ತಿದ್ದವು. ತಿಂಗಳಿಗೆ 468ರಲ್ಲಿ 182.

ಹಮಾಲರು ನಿಧಾನ ಅಂತ ಎಲ್ಲರೂ ಬೈಯುತ್ತಿದ್ದರು. ಆದರೆ ಆ 45 ನಿಮಿಷವನ್ನು ಬಿಡಿಸಿ ನೋಡಿದರೆ ಸುಮಾರು 15 ನಿಮಿಷ ಹೋಗುತ್ತಿದ್ದದ್ದು ಮಾಲು ಹುಡುಕಿ ಬೇವರೆಗೆ ತರುವುದರಲ್ಲಿ. ನಮ್ಮವನು ಬಿಲ್ಲುಗಳನ್ನು ಹಿಂದಿನ ಸಂಜೆಯೇ ತೆಗೆಸಿದ, ರೂಟ್ ಪ್ರಕಾರ ಮಾಲನ್ನು ಬೇ ಎದುರಿಗೆ ತಂದು ಇಡಿಸಿದ, ಕೊನೆಗೆ ಇಳಿಯುವ ಡಿಸ್ಟ್ರಿಬ್ಯೂಟರ್ ಮಾಲು ಮೊದಲು ಏರುವಂತೆ. ಬೆಳಿಗ್ಗೆ ಬರೀ ಏರಿಸುವುದು. ಗಾಡಿಗೆ 30 ನಿಮಿಷ, ಆರು ಸುತ್ತಿಗೆ ಮೂರು ತಾಸು, 8ಕ್ಕೆ ಮುಗಿಯಿತು. ಒಂದು ತಾಸಿನ ಉಸಿರು ಸಿಕ್ಕಿತು. ತಡವಾಗುವ ಗಾಡಿ ದಿನಕ್ಕೆ ಸರಾಸರಿ 2ಕ್ಕೆ ಇಳಿಯಿತು, ತಿಂಗಳಿಗೆ 52.

ಈಗ ಇದನ್ನು ಬರೆಯುವ ಬಗೆ ನೋಡಿ. "ವಿಳಂಬ 71% ಕಡಿಮೆ" ಅಂತ ಬರೆಯಬಹುದು, 182ರಿಂದ 52ಕ್ಕೆ ಇಳಿದದ್ದು ಅಷ್ಟೇ. "ಸಮಯಕ್ಕೆ ಹೊರಟ ಗಾಡಿ 61%ರಿಂದ 89%ಕ್ಕೆ" ಅಂತಲೂ ಬರೆಯಬಹುದು. ನನ್ನ ಮತ ಎರಡನೆಯದಕ್ಕೆ. 71% ಅನ್ನೋದು ನಾಲ್ಕು ಗಾಡಿಯಿಂದ ಒಂದಕ್ಕೆ ಇಳಿದರೂ ಹೆಚ್ಚುಕಡಿಮೆ ಬರುತ್ತದೆ, ನಾನೂರರಿಂದ ನೂರಕ್ಕೆ ಇಳಿದರೂ ಬರುತ್ತದೆ. ಎಲ್ಲಿಂದ ಎಲ್ಲಿಗೆ, ಒಟ್ಟು ಎಷ್ಟು ಗಾಡಿಯಲ್ಲಿ ಅಂತ ಹೇಳಿದರೆ ಓದುವವನಿಗೆ ಗೋದಾಮಿನ ಗಾತ್ರವೂ ಸಿಗುತ್ತದೆ, ಇನ್ನೂ 11% ಉಳಿದಿದೆ ಅನ್ನುವ ಪ್ರಾಮಾಣಿಕತೆಯೂ ಕಾಣುತ್ತದೆ. ಜಾಗ ಇದ್ದರೆ ಲೋಡಿಂಗ್ ಸಮಯವನ್ನೂ ಸೇರಿಸಿ:

"9 ಗಂಟೆಯೊಳಗೆ ಹೊರಟ ಗಾಡಿ 61%ರಿಂದ 89%ಕ್ಕೆ (ತಿಂಗಳಿಗೆ 468 ಗಾಡಿ). ಹಿಂದಿನ ಸಂಜೆ ರೂಟ್‌ವಾರು ಜೋಡಣೆ. ಲೋಡಿಂಗ್ 45ರಿಂದ 30 ನಿಮಿಷಕ್ಕೆ."

ಸಿಮೆಂಟ್ ಯಾರ್ಡಿಗೆ ಹೋಗುವಾಗ ಇದೇ ಸಾಲಿನಲ್ಲಿ ಲೋಡಿಂಗ್ ನಿಮಿಷವನ್ನು ಮುಂದಕ್ಕೆ ತನ್ನಿ. ಅಲ್ಲಿ ಲಾರಿ ಗೇಟಿನೊಳಗೆ ಬಂದದ್ದರಿಂದ ಕಾಟಾ ಮುಗಿಸಿ ಬಿಲ್ಟಿ ಹಿಡಿದು ಹೊರಗೆ ಹೋಗುವವರೆಗಿನ ಒಟ್ಟು ಸಮಯವನ್ನು ಅಳೆಯುತ್ತಾರೆ. ನಿಮ್ಮ ಗೇಟ್ ರಿಜಿಸ್ಟರಿನಲ್ಲಿ ಒಳಗೆ ಬಂದ ಸಮಯವೂ ಇದ್ದರೆ ಒಂದು ತಿಂಗಳದ್ದನ್ನು ಕೂಡಿಸಿ ನೋಡಿ, ಆ ಅಂಕಿ ಅಲ್ಲಿ ಬಂಗಾರ. ಸರಾಸರಿಯ ಜೊತೆಗೆ "ನಾಲ್ಕು ತಾಸು ದಾಟಿದ ಲಾರಿ ಶೇಕಡಾ ಎಷ್ಟು" ಅಂತಲೂ ತೆಗೆದಿಟ್ಟುಕೊಳ್ಳಿ. ಕೆಟ್ಟು ನಿಂತ ಒಂದೇ ಲಾರಿ ಸರಾಸರಿಯನ್ನು ಹಾಳು ಮಾಡುತ್ತದೆ, ಶೇಕಡಾವನ್ನು ಅಷ್ಟು ಹಾಳು ಮಾಡುವುದಿಲ್ಲ. ಹಾಲ್ಟಿಂಗ್ ದುಡ್ಡು ಬೀಳುವುದೂ ಮಿತಿ ದಾಟಿದ ಲಾರಿಗಳಿಗೇ.

ಹೋಲಿಸುವ ತಿಂಗಳ ಮಾತು ನಮ್ಮ ಕಡೆ ತುಂಬಾ ಮುಖ್ಯ. ತೊಗರಿ ಕೊಯ್ಲು ಮುಗಿದು ಜನವರಿಯಲ್ಲಿ ಮಾರುಕಟ್ಟೆಗೆ ಆವಕ ಏರಿದಾಗ ದಾಲ್ ಮಿಲ್ ಗೋದಾಮುಗಳ ಮುಂದೆ ಲಾರಿ ಸಾಲುಗಟ್ಟುತ್ತವೆ. ಜುಲೈ ಹೊತ್ತಿಗೆ ಅದೇ ಗೇಟು ಖಾಲಿ. ಜನವರಿಯ ವಿಳಂಬವನ್ನು ಜುಲೈಗೆ ಹೋಲಿಸಿ "ಅರ್ಧಕ್ಕೆ ಇಳಿಸಿದೆ" ಅಂದರೆ ಅದು ಸುಗ್ಗಿ ಮುಗಿದದ್ದು, ನೀವು ಮಾಡಿದ್ದಲ್ಲ. ಜನವರಿಯನ್ನು ಜನವರಿಗೇ ಹೋಲಿಸಬೇಕು. ಸಾಬೂನು ಬಿಸ್ಕತ್ತಿನ ಡಿಪೋದಲ್ಲಿ ತಿಂಗಳ ಕೊನೆಯ ವಾರಕ್ಕೆ ಮಾರಾಟದ ಟಾರ್ಗೆಟ್ ಒತ್ತಡ ಬೀಳುತ್ತದೆ, ಹಾಗಾಗಿ ಅಲ್ಲಿ ಪೂರ್ತಿ ತಿಂಗಳಿಗೆ ಪೂರ್ತಿ ತಿಂಗಳನ್ನೇ ಹೋಲಿಸಿ. ಸಾಲಿನಲ್ಲಿ "ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಿ" ಅಂತ ಇದ್ದರೆ, ಆ ಒಂದು ಮಾತಿಗೇ ಅನುಭವಿಗಳು ತಲೆ ಎತ್ತಿ ನೋಡುತ್ತಾರೆ.

ಅಂಕಿಗಳು ಒಂದಕ್ಕೊಂದು ಜಗಳವಾಡಬಾರದು

ಸಂದರ್ಶನ ಮಾಡುವವರು ಬಲ್ಲವರಾದರೆ ರೆಸ್ಯೂಮೆಯ ಅಂಕಿಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ದಿನಕ್ಕೆ 72 ಟನ್, 14 ಹಮಾಲರು, ಅಂದರೆ ತಲೆಗೆ 5 ಟನ್ ಚಿಲ್ಲರೆ. ಇದು ನಂಬುವಂಥದ್ದು. 72 ಟನ್, ನಾಲ್ಕು ಹಮಾಲರು ಅಂತಿದ್ದರೆ ತಲೆಗೆ 18 ಟನ್. ಕೈಯಲ್ಲಿ ಎತ್ತುವ ಪೆಟ್ಟಿಗೆಗಳಿಗೆ, ಅದೂ ಬೆಳಗಿನ ಕೆಲವೇ ತಾಸಿನಲ್ಲಿ, ಇದು ಆಗದ ಮಾತು. ಕಳಿಸುವ ಮೊದಲು ಈ ಲೆಕ್ಕವನ್ನು ನೀವೇ ಒಂದು ಸಲ ಮಾಡಿ. ಟನ್ನನ್ನು ಗಾಡಿಯಿಂದ ಭಾಗಿಸಿ, ಗಾಡಿಯನ್ನು ಬೇಯಿಂದ ಭಾಗಿಸಿ, ಸಮಯಕ್ಕೆ ಗುಣಿಸಿ. ಗಡಿಯಾರಕ್ಕೆ ಹೊಂದದಿದ್ದರೆ ಎಲ್ಲೋ ಒಂದು ಅಂಕಿ ಉಬ್ಬಿದೆ.

ಅಂಕಿ ಎಲ್ಲಿಂದ ತರುವುದು ಅಂತ ಕೇಳುವವರಿಗೆ: ಗೇಟ್ ರಿಜಿಸ್ಟರ್, ಡಿಸ್ಪ್ಯಾಚ್ ರಿಜಿಸ್ಟರ್, ಎಣಿಕೆ ಹಾಳೆ, ಹಾಜರಿ ಪುಸ್ತಕ. ಕೆಲಸದಲ್ಲಿರುವಾಗಲೇ ತಿಂಗಳ ಒಟ್ಟು ಮೊತ್ತಗಳನ್ನು ನಿಮ್ಮ ಡೈರಿಯಲ್ಲಿ ಬರೆದಿಡಿ. ಕಂಪನಿಯ ಹಾಳೆಗಳ ಫೋಟೋ ಹೊಡೆದುಕೊಂಡು ಹೋಗಬೇಡಿ. ಗಿರಾಕಿಗಳ ಹೆಸರು, ಬಾಡಿಗೆ ದರ ರೆಸ್ಯೂಮೆಯಲ್ಲಿ ಬೇಡವೇ ಬೇಡ. ಹೊಸ ಕಂಪನಿಯವರು ಅದನ್ನು ಓದಿ "ನಾಳೆ ನಮ್ಮದನ್ನೂ ಹೀಗೇ ಹೇಳುತ್ತಾನೆ" ಅಂದುಕೊಳ್ಳುತ್ತಾರೆ. ಸ್ಟಾಕಿನ ರೂಪಾಯಿ ಮೌಲ್ಯ ಹೇಳಲು ಹಿಂಜರಿಕೆ ಇದ್ದರೆ ಶೇಕಡಾ ಮಾತ್ರ ಕೊಡಿ, ಐಟಂ ಸಂಖ್ಯೆ ಕೊಡಿ, ಸಾಕು.

ಮೂರು ಕಡೆ, ಮೂರು ಮೇಲ್ಸಾಲು

ಮೂರು ಪೂರ್ತಿ ರೆಸ್ಯೂಮೆ ಬೇಕಾಗಿಲ್ಲ. ಕೆಳಗಿನದೆಲ್ಲ ಒಂದೇ ಇರಲಿ, ಹೆಸರಿನ ಕೆಳಗಿನ ಎರಡು ಸಾಲು ಬದಲಿಸಿ, ಅಂಕಿಗಳ ಕ್ರಮ ಬದಲಿಸಿ.

ಸಿಮೆಂಟ್ ಯಾರ್ಡಿಗೆ: "ದಿನಕ್ಕೆ ಸರಾಸರಿ 18, ಗರಿಷ್ಠ 31 ಗಾಡಿ ಡಿಸ್ಪ್ಯಾಚ್. ಲೋಡಿಂಗ್ 45ರಿಂದ 30 ನಿಮಿಷಕ್ಕೆ. ಗುತ್ತಿಗೆ ಹಮಾಲರು 14ರಿಂದ 22, ರೋಲ್ ಮೇಲೆ 5."

ಔಷಧಿ ಘಟಕಕ್ಕೆ: "410 ಐಟಂ, ಐಟಂವಾರು ನಿಖರತೆ 98.3%. ದಿನಾ ಎಣಿಕೆ ಪದ್ಧತಿ. ರೋಲ್ ಮೇಲೆ 5 ಜನರ ಶಿಫ್ಟ್ ಮತ್ತು ಹಾಜರಿ." ಬಿಸ್ಕತ್ತಿನಲ್ಲೂ ಎಕ್ಸ್‌ಪೈರಿ ಇರುತ್ತದೆ, ಹಳೆಯ ಬ್ಯಾಚ್ ಮೊದಲು ಕಳಿಸುವುದು ನಿಮಗೆ ಗೊತ್ತಿರುವ ಕೆಲಸವೇ. ಅದನ್ನು ಬಿಡದೆ ಬರೆಯಿರಿ. ಆದರೆ ಉಷ್ಣತೆ ದಾಖಲೆ, ಕ್ವಾರಂಟೈನ್ ಜಾಗ ಇಂಥವನ್ನು ಮಾಡದೇ ಇದ್ದರೆ ಹಾಕಬೇಡಿ, ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಆನ್‌ಲೈನ್ ಗೋದಾಮಿಗೆ: "ದಿನಕ್ಕೆ 1,080 ಬಿಲ್ ಸಾಲು, 410 ಐಟಂ, ನಿಖರತೆ 98.3%. ಸಮಯಕ್ಕೆ ಹೊರಟದ್ದು 61%ರಿಂದ 89%ಕ್ಕೆ."

ಒಂದೇ ರೆಸ್ಯೂಮೆ ಸಾಕು, ಬದಲಿಸುವ ತಾಳ್ಮೆ ಇಲ್ಲ ಅನ್ನುವವರು ಗಾಡಿಯ ಲೆಕ್ಕವನ್ನೂ ಐಟಂವಾರು ನಿಖರತೆಯನ್ನೂ ಮೇಲೆ ಇಡಿ. ಇವೆರಡನ್ನು ಯಾವ ಗೋದಾಮಿನವರೂ ತಳ್ಳಿಹಾಕುವುದಿಲ್ಲ. ಟನ್ ಕೆಳಗಿರಲಿ.

ರೂಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹತ್ತು ವರ್ಷದೊಳಗಿನ ಅನುಭವಕ್ಕೆ ಒಂದೇ ಪುಟ. ಇತ್ತೀಚಿನ ಕೆಲಸ ಮೇಲೆ, ಹಳೆಯದು ಕೆಳಗೆ. ಕೌಶಲಗಳನ್ನೆಲ್ಲ ಮೇಲೆ ಗುಡ್ಡೆ ಹಾಕಿ ಕಂಪನಿಗಳನ್ನು ಕೊನೆಗೆ ತಳ್ಳುವ ಮಾದರಿ ಈ ಕೆಲಸಕ್ಕೆ ಒಗ್ಗುವುದಿಲ್ಲ, ಯಾವ ಅಂಕಿ ಯಾವ ಗೋದಾಮಿನದು ಅಂತ ಗೊತ್ತಾಗುವುದೇ ಇಲ್ಲ. ತಂದೆಯ ಹೆಸರು, ಮದುವೆ, ಧರ್ಮ ಬೇಡ. ಭಾಷೆಗಳನ್ನು ಮಾತ್ರ ಮರೆಯಬೇಡಿ. ಬೀದರ್, ಕಲಬುರಗಿ ಕಡೆಯವರು ಕನ್ನಡ, ಹಿಂದಿ, ಉರ್ದು, ಮರಾಠಿ, ತೆಲುಗಿನಲ್ಲಿ ಮೂರನ್ನಾದರೂ ಮಾತಾಡುತ್ತಾರೆ. ಸೊಲ್ಲಾಪುರದ ಡ್ರೈವರ್ ಜೊತೆಗೂ ಜಹೀರಾಬಾದಿನ ಡ್ರೈವರ್ ಜೊತೆಗೂ ಫೋನಿನಲ್ಲಿ ಮಾತಾಡಿ ಗಾಡಿ ಎಲ್ಲಿದೆ ಅಂತ ತಿಳಿಯುವವನು ಯಾವ ಗೋದಾಮಿಗಾದರೂ ಬೇಕು. ಇದನ್ನು ಸುಮ್ನೆ ಕೊನೆಯ ಸಾಲಿಗೆ ತಳ್ಳದೆ ಕೆಲಸದ ಸಾಲಿನಲ್ಲೇ ಸೇರಿಸಬಹುದು.

ಕೊನೆಯದಾಗಿ ಕಳಿಸುವ ದಾರಿ. ನಮ್ಮ ಕಡೆ ಸುಮಾರು ಕೆಲಸಗಳು ಪೋರ್ಟಲ್‌ಗೆ ಬರುವ ಮೊದಲು ಗುತ್ತಿಗೆದಾರರ, ಟ್ರಾನ್ಸ್‌ಪೋರ್ಟಿನವರ ವಾಟ್ಸಾಪಿನಲ್ಲಿ ಓಡಾಡುತ್ತವೆ. ಬರೀ ಪಿಡಿಎಫ್ ಕಳಿಸಿ "ಸರ್ ನೋಡಿ" ಅಂದರೆ ಅದು ತೆರೆಯದೇ ಉಳಿಯುತ್ತದೆ. ಜೊತೆಗೆ ಎರಡೇ ಸಾಲು ಬರೆಯಿರಿ: "ನಮಸ್ಕಾರ ಸರ್. ಕಪನೂರ ಡಿಪೋದಲ್ಲಿ ಸೂಪರ್‌ವೈಸರ್, ದಿನಕ್ಕೆ 18 ಗಾಡಿ, 19 ಜನ, ಸ್ಟಾಕ್ ನಿಖರತೆ ಐಟಂವಾರು 98.3%. ಸೇಡಂ ಯಾರ್ಡಿನ ಕೆಲಸಕ್ಕೆ ರೆಸ್ಯೂಮೆ ಇದರ ಜೊತೆ ಇದೆ, ಒಂದು ತಿಂಗಳ ನೋಟಿಸ್ ಕೊಟ್ಟು ಬರಬಲ್ಲೆ." ಫೈಲಿನ ಹೆಸರು ನಿಮ್ಮ ಹೆಸರೂ ಹುದ್ದೆಯೂ ಇರುವಂತೆ ಬದಲಿಸಿ. ಬರೀ "ರೆಸ್ಯೂಮೆ ಫೈನಲ್ 3" ಅಂತಿದ್ದರೆ ಅವರ ಫೋನಿನಲ್ಲಿ ಅಂಥವು ಇಪ್ಪತ್ತು ಇರುತ್ತವೆ.